ವಾಟರ್‌ಪ್ರೂಫ್ ಯಾವುದು, ವಾಟರ್ ರೆಸಿಸ್ಟೆಂಟ್ ಯಾವುದು: ವಿವರಣೆಯಲ್ಲಿ ಎಷ್ಟು ಹೇಳಬಹುದು?

ರೇನ್‌ಕೋಟು, ಬ್ಯಾಗು, ಕೈಗಡಿಯಾರ ಮಾರುವವರ ವಿವರಣೆಗಳನ್ನು ಓದುತ್ತಾ ಹೋದರೆ ‘ಶೇ. 100 ವಾಟರ್‌ಪ್ರೂಫ್’ ಎಂಬ ಮಾತು ಮತ್ತೆ ಮತ್ತೆ ಸಿಗುತ್ತದೆ. ಬರೆದವರು ಸುಳ್ಳು ಹೇಳಬೇಕೆಂದೇ ಬರೆದಿರುವುದಿಲ್ಲ. ತಯಾರಕರ ಹಾಳೆಯಲ್ಲಿ ಹಾಗಿತ್ತು, ಇವರು ಎತ್ತಿ ಹಾಕಿಕೊಂಡರು, ಅಷ್ಟೆ. ಮಳೆ ಶುರುವಾದ ಮೇಲೆ ಒದ್ದೆಯಾದ ಲ್ಯಾಪ್‌ಟಾಪಿನ ಫೋಟೊ ಸಮೇತ ವಸ್ತು ವಾಪಸ್ ಬರುತ್ತದೆ. ಆ ಹಾಳೆಯಲ್ಲಿರುವ ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂದು ತಿಳಿದರೆ ಮಾರುವವರಿಗೂ ಕೊಳ್ಳುವವರಿಗೂ ಈ ಜಗಳ ಬಹುಮಟ್ಟಿಗೆ ತಪ್ಪುತ್ತದೆ.

## ಎರಡು ಪದಗಳ ನಡುವಿನ ಗೆರೆ

ವಾಟರ್ ರೆಸಿಸ್ಟೆಂಟ್ ಎಂದರೆ ನೀರು ಒಳಗೆ ಬರುವುದನ್ನು ಒಂದು ಮಿತಿಯವರೆಗೆ ತಡೆಯುವ ವಸ್ತು. ವಾಟರ್‌ಪ್ರೂಫ್ ಎಂದರೆ ಆ ಬಳಕೆಯಲ್ಲಿ ಎದುರಾಗುವ ನೀರನ್ನು ಒಳಕ್ಕೆ ಬಿಡದ ವಸ್ತು. ಎರಡನೆಯ ವಾಕ್ಯದಲ್ಲಿ ‘ಆ ಬಳಕೆಯಲ್ಲಿ’ ಎಂಬುದನ್ನು ತೆಗೆದುಬಿಟ್ಟರೆ ಅದು ಈಡೇರಿಸಲಾಗದ ಭರವಸೆಯಾಗುತ್ತದೆ. ಒತ್ತಡವನ್ನು ಸಾಕಷ್ಟು ಏರಿಸಿದರೆ, ಸಾಕಷ್ಟು ಹೊತ್ತು ಕಾದರೆ, ತೊಡುವ ಹೊರುವ ಯಾವ ವಸ್ತುವಿನೊಳಕ್ಕಾದರೂ ನೀರು ದಾರಿ ಹುಡುಕಿಕೊಳ್ಳುತ್ತದೆ.

ಆದ್ದರಿಂದ ಪರೀಕ್ಷೆ ಮಾಡುವವರು ‘ನೀರು ಬರುತ್ತದೆಯೇ, ಇಲ್ಲವೇ’ ಎಂದು ಕೇಳುವುದಿಲ್ಲ. ಯಾವ ಭಾಗಕ್ಕೆ, ಎಂಥ ನೀರು, ಎಷ್ಟು ಹೊತ್ತು ಎಂದು ಕೇಳುತ್ತಾರೆ. ತುಂತುರು, ಜೋರು ಧಾರೆ, ನಿಂತ ನೀರಿನಲ್ಲಿ ಮುಳುಗುವುದು: ಇವು ಮೂರು ಬೇರೆ ಬೇರೆ ಪರೀಕ್ಷೆಗಳು. ಒಂದರಲ್ಲಿ ಪಾಸಾದದ್ದು ಇನ್ನೊಂದರಲ್ಲಿ ಪಾಸಾಗಬೇಕೆಂದಿಲ್ಲ. ಎಲೆಕ್ಟ್ರಾನಿಕ್ ವಸ್ತುಗಳ ಮೇಲೆ ಕಾಣುವ ಐಪಿ ಸಂಖ್ಯೆಗಳಲ್ಲಿ ಇದು ಎದ್ದು ಕಾಣುತ್ತದೆ. ಐಪಿಎಕ್ಸ್ 7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿ ನೋಡಿದ್ದಾರೆ. ಐಪಿಎಕ್ಸ್ 5 ಎಂದರೆ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಚಿಮ್ಮಿಸಿ ನೋಡಿದ್ದಾರೆ. 7 ದೊಡ್ಡ ಸಂಖ್ಯೆ ಎಂದು ಅದರಲ್ಲಿ 5 ಅಡಗಿದೆ ಎಂದುಕೊಳ್ಳುವಂತಿಲ್ಲ. ಮುಳುಗಿದಾಗ ಸುಮ್ಮನಿದ್ದ ರಬ್ಬರ್ ಮುಚ್ಚಳ ಧಾರೆಯ ಹೊಡೆತಕ್ಕೆ ಸರಿದುಬಿಡಬಹುದು.

## ರೇನ್‌ಕೋಟು: ಬಟ್ಟೆ ತಡೆದರೂ ಹೊಲಿಗೆ ಬಿಡುತ್ತದೆ

ರೇನ್‌ಕೋಟಿನ ಬಟ್ಟೆಯಲ್ಲಿ ಎರಡು ಬೇರೆ ಕೆಲಸಗಳು ನಡೆಯುತ್ತವೆ. ಹೊರಮೈಗೆ ಹಚ್ಚಿದ ಲೇಪದ ಮೇಲೆ ನೀರು ತಾವರೆ ಎಲೆಯ ಮೇಲಿನಂತೆ ಗುಂಡಾಗಿ ಉರುಳಿ ಹೋಗುತ್ತದೆ. ನೀರನ್ನು ನಿಜವಾಗಿ ತಡೆಯುವುದು ಒಳಗಡೆ ಇರುವ ಪಾಲಿಯುರೇಥೇನ್, ಅಂದರೆ ಪಿಯು, ಲೇಪ ಅಥವಾ ತೆಳು ಪೊರೆ. ನೋಡಲು ಚೆಂದ ಮೊದಲನೆಯದು. ಮಾರಾಟದ ವಿಡಿಯೊದಲ್ಲಿ ಲೋಟದಿಂದ ನೀರು ಸುರಿದು ತೋರಿಸುವುದೂ ಅದನ್ನೇ. ಒಳಪೊರೆಯೇ ಇಲ್ಲದ ಬಟ್ಟೆಯ ಮೇಲೂ ಹೊರಲೇಪವೊಂದಿದ್ದರೆ ಆ ವಿಡಿಯೊ ಹಾಗೆಯೇ ಬರುತ್ತದೆ.

ಇವೆರಡನ್ನು ಅಳೆಯುವ ಪರೀಕ್ಷೆಗಳೂ ಬೇರೆ. ಐಎಸ್‌ಒ 4920 ಎಂಬ ತುಂತುರು ಪರೀಕ್ಷೆಯಲ್ಲಿ 45 ಡಿಗ್ರಿ ಓರೆಯಾಗಿ ಬಿಗಿದ ಬಟ್ಟೆಯ ಮೇಲೆ 250 ಮಿಲಿಲೀಟರ್ ನೀರನ್ನು ಸಿಂಪಡಿಸಿ, ಮೇಲ್ಮೈ ಎಷ್ಟು ಒದ್ದೆಯಾಯಿತೆಂದು ಚಿತ್ರಪಟದೊಂದಿಗೆ ಹೋಲಿಸುತ್ತಾರೆ. ಅರ್ಧ ನಿಮಿಷದ ಕೆಲಸ. ಇದು ಹೊರಲೇಪದ ಪರೀಕ್ಷೆ ಮಾತ್ರ. ಇದರಲ್ಲಿ ಪೂರ್ಣ ಅಂಕ ಬಂದರೂ ಆ ಬಟ್ಟೆಯನ್ನು ವಾಟರ್‌ಪ್ರೂಫ್ ಎನ್ನಲು ಆಧಾರ ಸಿಗುವುದಿಲ್ಲ.

ಹಾಳೆಯಲ್ಲಿ ಕಾಣುವ ‘5,000 ಮಿ.ಮೀ.’, ‘10,000 ಮಿ.ಮೀ.’ ಇನ್ನೊಂದು ಪರೀಕ್ಷೆಯದು. ಐಎಸ್‌ಒ 811ರ ಪ್ರಕಾರ ಬಟ್ಟೆಯ ತುಂಡನ್ನು ಉಂಗುರದಲ್ಲಿ ಬಿಗಿದು, ಒಂದು ಕಡೆಯಿಂದ ನೀರಿನ ಒತ್ತಡವನ್ನು ಸಮವಾಗಿ ಏರಿಸುತ್ತಾ ಹೋಗುತ್ತಾರೆ. ಆಚೆ ಕಡೆ ಮೂರು ಜಾಗದಲ್ಲಿ ಹನಿ ಒಸರಿದ ಕೂಡಲೇ ಆಗಿನ ಒತ್ತಡವನ್ನು ಬರೆದುಕೊಳ್ಳುತ್ತಾರೆ. 10,000 ಮಿ.ಮೀ. ಎಂದರೆ 10 ಮೀಟರ್ ಎತ್ತರದ ನೀರಿನ ಕಂಬದಷ್ಟು ಒತ್ತಡ. ಸುಮಾರಾಗಿ ಒಂದು ಚದರ ಸೆಂಟಿಮೀಟರ್‌ಗೆ 1 ಕಿಲೊ ಭಾರ.

ಮಳೆಯಲ್ಲಿ ಯಾರೂ 10 ಮೀಟರ್ ನೀರಿನಡಿ ನಿಲ್ಲುವುದಿಲ್ಲವಲ್ಲ, ಇಷ್ಟೇಕೆ ಎಂದು ಅನ್ನಿಸಬಹುದು. ಒತ್ತಡ ಹುಟ್ಟುವುದು ನಮ್ಮ ಭಾರದಿಂದ. 70 ಕಿಲೊ ತೂಕದವರು ಬೈಕಿನ ಒದ್ದೆ ಸೀಟಿನ ಮೇಲೆ ಕುಳಿತಾಗ ಆ ಭಾರ 700 ಚದರ ಸೆಂ.ಮೀ. ಜಾಗದಲ್ಲಿ ಹರಡಿತೆಂದುಕೊಂಡರೆ ಸರಾಸರಿ ಒತ್ತಡ ಚದರ ಸೆಂಟಿಮೀಟರ್‌ಗೆ 100 ಗ್ರಾಂ, ಅಂದರೆ 1,000 ಮಿ.ಮೀ.ಗೆ ಸಮ. ಕುಳಿತ ಮೂಳೆಯ ಕೆಳಗೆ ಇದಕ್ಕಿಂತ ಬಹಳ ಹೆಚ್ಚು. ಒದ್ದೆ ನೆಲಕ್ಕೆ ಮೊಣಕಾಲೂರಿದಾಗ 30 ಕಿಲೊ ಭಾರ 30 ಚದರ ಸೆಂ.ಮೀ. ಮೇಲೆ ಬಿದ್ದರೆ ಅಲ್ಲಿಗೇ 10,000 ಆಯಿತು. ಹಾಗಾಗಿ ನಡೆದು ಹೋಗುವವರ ಕೋಟಿಗೆ ಸಾಕಾಗುವ ಬಟ್ಟೆ ಗಂಟೆಗಟ್ಟಲೆ ಬೈಕ್ ಓಡಿಸುವವರ ಪ್ಯಾಂಟಿಗೆ ಸಾಲದು. ಎಷ್ಟು ಮಿಲಿಮೀಟರಿಗೆ ‘ವಾಟರ್‌ಪ್ರೂಫ್’ ಶುರುವಾಗುತ್ತದೆ ಎಂಬುದಕ್ಕೆ ಎಲ್ಲ ತಯಾರಕರೂ ಒಪ್ಪಿದ ಒಂದು ಗಡಿ ಇಲ್ಲದಿರುವುದಕ್ಕೂ ಇದೊಂದು ಕಾರಣ.

ಈ ಅಂಕಿಯ ಇನ್ನೊಂದು ಮಿತಿ ಮುಖ್ಯವಾದದ್ದು. ಪರೀಕ್ಷೆಗೆ ಹೋಗುವುದು ಸಾಮಾನ್ಯವಾಗಿ ಹೊಸ ಬಟ್ಟೆಯ ಒಂದು ತುಂಡು, ಕೋಟು ಅಲ್ಲ. ಹೊಲಿಗೆ ಯಂತ್ರ ಒಂದು ಸೆಂಟಿಮೀಟರ್‌ಗೆ ಮೂರು ನಾಲ್ಕು ತೂತು ಹಾಕುತ್ತದೆ. ಅರ್ಧ ಮೀಟರ್ ಭುಜದ ಹೊಲಿಗೆಯಲ್ಲಿ 150ಕ್ಕೂ ಹೆಚ್ಚು ತೂತುಗಳು. ಒಳಗಿನಿಂದ ಹೊಲಿಗೆಯ ಮೇಲೆ ಬಿಸಿಗಾಳಿಯಲ್ಲಿ ಟೇಪು ಅಂಟಿಸದಿದ್ದರೆ 20,000 ಮಿ.ಮೀ. ಬಟ್ಟೆಯ ಕೋಟೂ ಭುಜದಲ್ಲಿ ಒಸರುತ್ತದೆ. ಟೇಪು ಎಲ್ಲ ಹೊಲಿಗೆಗೂ ಇದೆಯೇ, ಭುಜ ಮತ್ತು ಟೋಪಿಗೆ ಮಾತ್ರವೇ ಎಂದು ಕೋಟನ್ನು ಒಳಮೈ ಹೊರಗೆ ಮಾಡಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಮಳೆ ಉಡುಪಿಗಾಗಿ ಯುರೋಪಿನಲ್ಲಿರುವ ಇಎನ್ 343 ಮಾನಕವು ಹೊಲಿಗೆಯನ್ನೂ ಪರೀಕ್ಷಿಸಲು ಹೇಳುತ್ತದೆ. ಅದರ ಮೇಲಿನ ದರ್ಜೆಗಳಿಗೆ ಬಟ್ಟೆಯನ್ನು ಮೊದಲು ಉಜ್ಜಿ, ಮಡಚಿ, ತೊಳೆದು, ಆಮೇಲೆ ಅಳೆಯಬೇಕು. 2019ರ ಆವೃತ್ತಿಯ 3ನೇ ದರ್ಜೆಗೆ ಬೇಕಾದದ್ದು 13,000 ಪಾಸ್ಕಲ್, ಅಂದರೆ ಸುಮಾರು 1,300 ಮಿ.ಮೀ. ಮಾತ್ರ. ಸಣ್ಣ ಅಂಕಿ ಎನಿಸಿದರೂ, ಹೊಸ ತುಂಡಿನ 10,000ಕ್ಕಿಂತ ಇದನ್ನೇ ಹೆಚ್ಚು ನಂಬಬಹುದು.

ಕೋಟು ಒಳಗೆ ಒದ್ದೆಯಾಗಿದೆ ಎಂಬ ದೂರೆಲ್ಲ ಸೋರಿಕೆಯೂ ಅಲ್ಲ. ಹೊರಲೇಪ ಕೊಳೆ, ಮೈಯೆಣ್ಣೆ, ಸೋಪಿನ ಶೇಷದಿಂದ ಸೊರಗಿದಾಗ ಹೊರಬಟ್ಟೆ ನೀರು ಕುಡಿದು ತಣ್ಣಗಾಗುತ್ತದೆ. ಬೆವರಿನ ಆವಿ ಹೊರಗೆ ಹೋಗಲಾರದೆ ಒಳಮೈಯಲ್ಲಿ ನೀರಾಗುತ್ತದೆ. ಬೆನ್ನಿನಗಲ ಸಮವಾಗಿ ಒದ್ದೆಯಾಗಿದ್ದರೆ ಬೆವರನ್ನೇ ಮೊದಲು ಅನುಮಾನಿಸಬೇಕು. ಹೊಲಿಗೆಯ ಗೆರೆಯುದ್ದಕ್ಕೆ, ಜಿಪ್ಪಿನ ಹಿಂದೆ, ಜೇಬಿನ ಮೂಲೆಯಲ್ಲಿ ಪಟ್ಟಿಯಂತೆ ಒದ್ದೆಯಾಗಿದ್ದರೆ ಅದು ಸೋರಿಕೆ.

## ಒಂದು ಬ್ಯಾಗನ್ನು ಪರೀಕ್ಷಿಸಿ ನೋಡೋಣ

25 ಲೀಟರಿನ ಲ್ಯಾಪ್‌ಟಾಪ್ ಬ್ಯಾಗೊಂದರ ವಿವರಣೆ ಬರೆಯಬೇಕಿದೆ ಎಂದಿಟ್ಟುಕೊಳ್ಳೋಣ. ತಯಾರಕರ ಹಾಳೆಯಲ್ಲಿ ಹೀಗಿದೆ: ‘600 ಡೀನಿಯರ್ ಪಾಲಿಯೆಸ್ಟರ್, ಪಿಯು ಲೇಪ, 3,000 ಮಿ.ಮೀ., ವಾಟರ್‌ಪ್ರೂಫ್ ಜಿಪ್.’ ಕೊನೆಯಲ್ಲಿ ದಪ್ಪಕ್ಷರದಲ್ಲಿ ‘ವಾಟರ್‌ಪ್ರೂಫ್ ಬ್ಯಾಗ್’.

ಮೊದಲು ಕಣ್ಣಿನ ಪರಿಶೀಲನೆ. 600 ಡೀನಿಯರ್ ಎಂಬುದು ನೂಲಿನ ದಪ್ಪ. ಬಾಳಿಕೆಗೆ ಸಂಬಂಧಿಸಿದ್ದು, ನೀರಿಗೂ ಅದಕ್ಕೂ ಸಂಬಂಧವಿಲ್ಲ. 3,000 ಮಿ.ಮೀ. ಬಟ್ಟೆಯದು. ಒಳಗಿನ ಅಸ್ತರ್ ಅನ್ನು ಕೈಯಿಂದ ಸರಿಸಿ, ಎಲ್ಲಾದರೂ ಅಸ್ತರಿನ ಜಿಪ್ ಇದ್ದರೆ ಅದರೊಳಗಿಂದ, ಮುಖ್ಯ ಹೊಲಿಗೆ ನೋಡಿ. ಪಟ್ಟಿ ಬಟ್ಟೆಯಿಂದ ಅಂಚು ಕಟ್ಟಿರುವುದು ಕಂಡರೆ ಅದು ನೂಲು ಬಿಚ್ಚದಿರಲಿ ಎಂದು, ನೀರಿಗಾಗಿ ಅಲ್ಲ. ನಯವಾಗಿ ಅಂಟಿರುವ ಪಾರದರ್ಶಕ ಪಟ್ಟಿ ಇದ್ದರೆ ಮಾತ್ರ ಹೊಲಿಗೆ ಮುಚ್ಚಿದ್ದಾರೆ. ಭುಜಪಟ್ಟಿ ಬ್ಯಾಗಿಗೆ ಸೇರುವ ಜಾಗವನ್ನು ಮರೆಯಬೇಡಿ. ಭಾರ ಬಿದ್ದಾಗ ಅಲ್ಲಿನ ಸೂಜಿ ತೂತುಗಳು ಎಳೆದು ಹಿಗ್ಗುತ್ತವೆ.

ಇನ್ನು ಜಿಪ್. ಹಲ್ಲುಗಳು ಒಳಗಾಗಿ, ಹೊರಗೆ ಹೊಳೆಯುವ ಪಿಯು ಪದರ ಕಾಣುವ ಜಿಪ್ಪನ್ನು ಮಾರುಕಟ್ಟೆಯಲ್ಲಿ ವಾಟರ್‌ಪ್ರೂಫ್ ಜಿಪ್ ಎನ್ನುತ್ತಾರೆ. ಪದರದ ಎರಡು ಅಂಚುಗಳು ನಡುವೆ ತಾಗಿಕೊಂಡಿರುತ್ತವೆ, ಅಂಟಿಕೊಂಡಿರುವುದಿಲ್ಲ. ಎರಡು ಸ್ಲೈಡರ್ ಸೇರುವಲ್ಲಿ ಕಡ್ಡಿ ತೂರುವಷ್ಟು ಸಂದು ಉಳಿಯುತ್ತದೆ. ಜೊತೆಗೆ, ಜಿಪ್ಪನ್ನು ಬ್ಯಾಗಿಗೆ ಹೊಲಿದಿರುವ ಗೆರೆಯೂ ತೂತುಗಳ ಸಾಲೇ. ಇದು ತುಂತುರು ತಡೆಯುವ ಜಿಪ್ ಎನ್ನುವುದೇ ಸರಿ.

ಆಮೇಲೆ ನೀರು. ಬೇಕಾದದ್ದು ಒಂದು ಶವರ್, ಒಂದು ಬಕೆಟ್, ಟಿಶ್ಯೂ ಕಾಗದ, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಶವರಿನ ಅಡಿ 10 ಲೀಟರ್ ಬಕೆಟ್ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ. 75 ಸೆಕೆಂಡಾದರೆ ನಿಮಿಷಕ್ಕೆ 8 ಲೀಟರ್. ಟಿಶ್ಯೂವನ್ನು ಮೂರು ಭಾಗ ಮಾಡಿ ಒಂದೊಂದನ್ನೂ ತೂಗಿಡಿ: ಒಂದು ಜಿಪ್ಪಿನ ಕೆಳಗೆ, ಒಂದು ಬೆನ್ನಿನ ಕಡೆ ಭುಜಪಟ್ಟಿಯ ಹಿಂದೆ, ಒಂದು ತಳದಲ್ಲಿ. ಉಳಿದ ಜಾಗಕ್ಕೆ ನಿಜವಾದ ಬಳಕೆಯ ಭಾರ ಬರುವಂತೆ, ಒದ್ದೆಯಾದರೂ ಹಾಳಾಗದ ವಸ್ತುಗಳನ್ನು ತುಂಬಿ. ಖಾಲಿ ಬ್ಯಾಗನ್ನು ಪರೀಕ್ಷಿಸಿದರೆ ಹೊಲಿಗೆಗಳ ಮೇಲೆ ಎಳೆತವೇ ಇರುವುದಿಲ್ಲ, ಫಲಿತಾಂಶ ಸುಳ್ಳೇ ಒಳ್ಳೆಯದಾಗಿ ಬರುತ್ತದೆ.

ಬ್ಯಾಗನ್ನು ಭುಜಪಟ್ಟಿಗಳಿಂದ ತೂಗುಹಾಕಿ 5 ನಿಮಿಷ ಶವರ್ ಬಿಡಿ. ಹೊರಮೈಯನ್ನು ಪೂರ್ತಿ ಒರೆಸಿದ ಮೇಲೆಯೇ ಜಿಪ್ ತೆರೆಯಬೇಕು. ಇಲ್ಲವಾದರೆ ತೆರೆಯುವಾಗ ಬಿದ್ದ ಹನಿಯೂ ಲೆಕ್ಕಕ್ಕೆ ಸೇರುತ್ತದೆ. ಮೂರೂ ಟಿಶ್ಯೂಗಳನ್ನು ಬೇರೆ ಬೇರೆಯಾಗಿ ತೂಗಿ. ಒಣ ಟಿಶ್ಯೂ ಹಾಕಿ 15 ನಿಮಿಷಕ್ಕೆ ಮತ್ತೊಮ್ಮೆ ಮಾಡಿ. ತಳವನ್ನು ಬೇರೆಯಾಗಿ ನೋಡಬೇಕು: 2 ಸೆಂ.ಮೀ. ನೀರು ನಿಂತ ತಟ್ಟೆಯಲ್ಲಿ ಬ್ಯಾಗನ್ನು 10 ನಿಮಿಷ ಇಡಿ. ಬಸ್ಸಿನ ಒದ್ದೆ ನೆಲದ ಮೇಲೆ ಬ್ಯಾಗು ಇಟ್ಟಾಗ ಆಗುವುದು ಅದೇ.

ಫಲಿತಾಂಶ ಹೀಗೆ ಬಂತೆನ್ನಿ: 5 ನಿಮಿಷಕ್ಕೆ ಮೂರೂ ಒಣ. 15 ನಿಮಿಷಕ್ಕೆ ಜಿಪ್ಪಿನ ಕೆಳಗಿನ ಟಿಶ್ಯೂ 6 ಗ್ರಾಂ ಹೆಚ್ಚಾಗಿದೆ, ಬೆನ್ನಿನದು 2 ಗ್ರಾಂ, ತಳದ್ದು ಒಣ. ನೀರಿನ ತಟ್ಟೆಯಲ್ಲಿ ಇಟ್ಟಾಗ ತಳದ ಹೊಲಿಗೆಯುದ್ದಕ್ಕೂ ಒದ್ದೆಯ ಗೆರೆ ಮೂಡಿದೆ. ಅಂದರೆ ಬಟ್ಟೆ ನೀರು ತಡೆದರೂ ಬ್ಯಾಗು ವಾಟರ್‌ಪ್ರೂಫ್ ಅಲ್ಲ. ಹೇಳಬಹುದಾದ ಮಾತು ಇದು:

‘ಬಟ್ಟೆಗೆ ನೀರು ತಡೆಯುವ ಲೇಪವಿದೆ. ಬ್ಯಾಗು ವಾಟರ್ ರೆಸಿಸ್ಟೆಂಟ್: ತುಂತುರು ಮಳೆ, ಸ್ವಲ್ಪ ಹೊತ್ತಿನ ಮಳೆಯಲ್ಲಿ ಒಳಗಿನ ವಸ್ತು ಒಣಗಿರುತ್ತದೆ. ಹೊಲಿಗೆಗಳಿಗೆ ಟೇಪು ಇಲ್ಲ. ಸುರಿಯುವ ಮಳೆ ಮುಂದುವರಿದರೆ ಜಿಪ್ಪಿನ ತುದಿಯಿಂದ ನೀರು ಒಳಬರಬಹುದು. ನೀರು ನಿಂತ ನೆಲದ ಮೇಲೆ ಇಡಬೇಡಿ. ಲ್ಯಾಪ್‌ಟಾಪಿಗೆ ಮಳೆ ಕವರ್ ಬಳಸಿ.’

ಇಲ್ಲಿ ‘15 ನಿಮಿಷ’ ಎಂಬ ಅಂಕಿಯನ್ನು ಬೇಕೆಂದೇ ಬರೆದಿಲ್ಲ. ಶವರಿನ ನಿಮಿಷಗಳನ್ನು ಮಳೆಯ ಗಂಟೆಗಳಾಗಿ ಲೆಕ್ಕ ಹಾಕಲು ಬರುವುದಿಲ್ಲ. ಗಂಟೆಗೆ 50 ಮಿ.ಮೀ. ಸುರಿಯುವ ಜೋರು ಮಳೆಯಲ್ಲೂ 30 ಸೆಂ.ಮೀ. ಉದ್ದ, 17 ಸೆಂ.ಮೀ. ಅಗಲದ ಬ್ಯಾಗಿನ ನೆತ್ತಿಗೆ ಗಂಟೆಗೆ ಎರಡೂವರೆ ಲೀಟರ್ ಮಾತ್ರ ಬೀಳುತ್ತದೆ. ಶವರ್ ಅಷ್ಟನ್ನು 20 ಸೆಕೆಂಡಿಗೆ ಸುರಿಯುತ್ತದೆ. ಆದರೆ ಶವರಿನಲ್ಲಿ ಗಾಳಿಯ ಎರಚಲಿಲ್ಲ, ನಡೆಯುವವರ ಕುಲುಕಾಟವಿಲ್ಲ, ಬೆನ್ನಿನ ಉಜ್ಜಾಟವಿಲ್ಲ. ಈ ಪರೀಕ್ಷೆಯಿಂದ ಸಿಗುವುದು ನೀರು ಮೊದಲು ಎಲ್ಲಿಂದ ಬರುತ್ತದೆ ಎಂಬ ಮಾಹಿತಿ, ಮತ್ತು ಎರಡು ಬ್ಯಾಗುಗಳಲ್ಲಿ ಯಾವುದು ವಾಸಿ ಎಂಬ ಹೋಲಿಕೆ.

ವಾಟರ್‌ಪ್ರೂಫ್ ಎಂಬ ಪದಕ್ಕೆ ಹತ್ತಿರ ಬರುವ ಬ್ಯಾಗುಗಳು ನೋಡಲೇ ಬೇರೆ ಥರ ಇರುತ್ತವೆ. ಅವುಗಳ ಅಂಚುಗಳನ್ನು ಹೊಲಿದಿರುವುದಿಲ್ಲ, ಶಾಖದಿಂದ ಬೆಸೆದಿರುತ್ತಾರೆ. ಬಾಯಿಗೆ ಜಿಪ್ ಇರುವುದಿಲ್ಲ, ಮೂರು ಸುತ್ತು ಮಡಚಿ ಬಕಲ್ ಹಾಕಬೇಕು. ಒಂದೇ ಸುತ್ತು ಮಡಚಿದರೆ ಅದೂ ಸೋರುತ್ತದೆ, ಆದ್ದರಿಂದ ಸುತ್ತುಗಳ ಸಂಖ್ಯೆ ವಿವರಣೆಯಲ್ಲೇ ಇರಬೇಕು. ಮುಳುಗಿಸುವ ಪರೀಕ್ಷೆ ಆಗಿಲ್ಲದಿದ್ದರೆ ‘ಮಳೆಗೆ ವಾಟರ್‌ಪ್ರೂಫ್, ನೀರಿನಲ್ಲಿ ಮುಳುಗಿಸಲು ಅಲ್ಲ’ ಎಂದೇ ಬರೆಯಬೇಕು.

## ಕೈಗಡಿಯಾರ: 30 ಮೀಟರ್ ಎಂಬುದು ಆಳವಲ್ಲ

ಗಡಿಯಾರದ ಹಿಂಬದಿಯಲ್ಲಿ ‘ವಾಟರ್ ರೆಸಿಸ್ಟೆಂಟ್’ ಎಂದು ಕೊರೆದಿರುತ್ತದೆ. ತಯಾರಕರೇ ವಾಟರ್‌ಪ್ರೂಫ್ ಎನ್ನದೆ ಬಿಟ್ಟಿರುವಾಗ ಮಾರುವವರು ಅದನ್ನು ಒಂದು ಮೆಟ್ಟಿಲು ಏರಿಸಿ ಬರೆಯುವುದು ಸರಿಯಲ್ಲ.

ಸಾಮಾನ್ಯ ಗಡಿಯಾರಗಳ ಮಾನಕ ಐಎಸ್‌ಒ 22810, 2010ರದು. ಅದರಲ್ಲಿ ಗಡಿಯಾರವನ್ನು ಕೊಠಡಿಯ ಉಷ್ಣತೆಯ ನೀರಿನಲ್ಲಿ, ಅದರ ಮೇಲೆ ಬರೆದಿರುವ ಒತ್ತಡದಲ್ಲಿ 10 ನಿಮಿಷ ಇಡುತ್ತಾರೆ. 3 ಬಾರ್ ಎಂದಿದ್ದರೆ 30 ಮೀಟರ್ ನೀರಿಗೆ ಸಮನಾದ ಒತ್ತಡ. ಸಂಖ್ಯೆಯೇ ಇಲ್ಲದೆ ಬರೀ ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ 2 ಬಾರ್. ಬಿಸಿ ಮತ್ತು ತಣ್ಣೀರಿಗೆ ಸರದಿಯಂತೆ ಹಾಕುವುದು, ಕೀಲಿ ತಿರುಪನ್ನು ಒತ್ತಿ ಹಿಡಿದು ಮುಳುಗಿಸುವುದು ಮುಂತಾದ ಪರೀಕ್ಷೆಗಳೂ ಇವೆ. ನೀರು ಒಳಗೆ ಹೋಯಿತೇ ಎಂದು ತಿಳಿಯುವ ಉಪಾಯ ಸರಳ: ಗಡಿಯಾರವನ್ನು 40ರಿಂದ 45 ಡಿಗ್ರಿಗೆ ಬೆಚ್ಚಗೆ ಮಾಡಿ, ಗಾಜಿನ ಮೇಲೆ ತಣ್ಣನೆಯ ಹನಿಯೊಂದನ್ನು ಒಂದು ನಿಮಿಷ ಬಿಟ್ಟು ಒರೆಸುತ್ತಾರೆ. ಗಾಜಿನ ಒಳಗಡೆ ಮಂಜು ಕಟ್ಟಿದ್ದರೆ ಒಳಗೆ ತೇವವಿದೆ, ಗಡಿಯಾರ ಫೇಲು.

ಗಮನಿಸಬೇಕಾದದ್ದು, ಇದು ಹೊಸ ಗಡಿಯಾರದ, ಹತ್ತು ನಿಮಿಷದ ಪರೀಕ್ಷೆ. ಮಾನಕದ ಪ್ರಕಾರ ಮಾದರಿಗಳನ್ನು ಆರಿಸಿ ಪರೀಕ್ಷಿಸಿದರೂ ಸಾಕು, ಗಿರಾಕಿಯ ಕೈಯಲ್ಲಿರುವುದೇ ಪರೀಕ್ಷೆಗೆ ಹೋಗಿತ್ತು ಎನ್ನಲಾಗದು. ಮುಳುಗುಗಾರರ ಗಡಿಯಾರದ ಮಾನಕ ಐಎಸ್‌ಒ 6425 ಬೇರೆಯೇ. ಕನಿಷ್ಠ 100 ಮೀಟರ್ ಬೇಕು, ಪ್ರತಿಯೊಂದು ಗಡಿಯಾರವನ್ನೂ ಬರೆದಿರುವುದಕ್ಕಿಂತ ಶೇ. 25 ಹೆಚ್ಚಿನ ಒತ್ತಡದಲ್ಲಿ ನೋಡಬೇಕು. ‘100 ಮೀಟರ್’ ಎಂದು ಬರೆದ ಸಾಮಾನ್ಯ ಗಡಿಯಾರವನ್ನು ‘ಡೈವಿಂಗ್ ವಾಚ್’ ಎಂದು ಮಾರುವುದು ಈ ಎರಡು ಮಾನಕಗಳನ್ನು ಕಲಸಿಬಿಟ್ಟಂತೆ.

30 ಮೀಟರಿನ ಗಡಿಯಾರ ಕಟ್ಟಿಕೊಂಡು ಈಜಬೇಡಿ ಎಂದು ಬಹಳಷ್ಟು ತಯಾರಕರು ಹೇಳುತ್ತಾರೆ. ಈಜುವಾಗ ಕೈ ಬೀಸುವುದರಿಂದ ಒತ್ತಡ ಹಲವು ಪಟ್ಟು ಏರುತ್ತದೆ ಎಂಬುದು ಇದಕ್ಕೆ ಎಲ್ಲೆಡೆ ಕೇಳಿಬರುವ ವಿವರಣೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಕೈ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನೀರನ್ನು ಸೀಳಿದರೂ ಹೆಚ್ಚುವುದು ಸುಮಾರು 0.125 ಬಾರ್, ಒಂದೂಕಾಲು ಮೀಟರ್ ಆಳದಷ್ಟು ಮಾತ್ರ. ನಿಜವಾದ ಅಪಾಯ ಗ್ಯಾಸ್ಕೆಟ್‌ನದು. ಮುಚ್ಚಳ, ಗಾಜು, ತಿರುಪುಗಳ ಸುತ್ತ ಇರುವ ಆ ತೆಳು ಉಂಗುರ ವರ್ಷಗಳು ಕಳೆದಂತೆ ಗಡಸಾಗಿ ಚಪ್ಪಟೆಯಾಗುತ್ತದೆ. ಸೋಪು, ಬಿಸಿನೀರು, ಉಪ್ಪುನೀರು ಅದನ್ನು ಬೇಗ ಕೆಡಿಸುತ್ತವೆ. ಬ್ಯಾಟರಿ ಬದಲಿಸುವಾಗ ಉಂಗುರ ಒಂದಿಷ್ಟು ತಿರುಚಿಕೊಂಡರೂ 30 ಮೀಟರ್ ಎಂಬ ಬರಹಕ್ಕೆ ಅರ್ಥ ಉಳಿಯುವುದಿಲ್ಲ. ತಯಾರಕರ ಎಚ್ಚರಿಕೆಯಲ್ಲಿ ಈ ಸವಕಳಿಗೆಲ್ಲ ಜಾಗ ಬಿಟ್ಟಿರುತ್ತದೆ. ಹಾಗಾಗಿ ಲೆಕ್ಕ ತಿಳಿದವರೂ ವಿವರಣೆಯಲ್ಲಿ ತಯಾರಕರ ಪಟ್ಟಿಯನ್ನು ದಾಟಬಾರದು.

ಬರೆಯುವ ಕ್ರಮ: ‘ವಾಟರ್ ರೆಸಿಸ್ಟೆಂಟ್, 3 ಬಾರ್. ಕೈ ತೊಳೆಯುವಾಗ ಸಿಡಿಯುವ ನೀರು, ಮಳೆ ಹನಿ ತಾಗಬಹುದು. ಈಜಲು, ಬಿಸಿನೀರಿನ ಸ್ನಾನಕ್ಕೆ ಅಲ್ಲ. ನೀರಿನಲ್ಲಿ ತಿರುಪು ಎಳೆಯಬೇಡಿ, ಗುಂಡಿ ಒತ್ತಬೇಡಿ. ಬ್ಯಾಟರಿ ಬದಲಿಸಿದಾಗ ಗ್ಯಾಸ್ಕೆಟ್ ಪರೀಕ್ಷಿಸಿ.’ ‘30 ಮೀಟರ್ ಆಳದವರೆಗೆ’ ಎಂದು ಮಾತ್ರ ಬರೆಯಬಾರದು. ‘ಆಳ’ ಎಂದ ಕೂಡಲೇ ಓದುವವರು ನೀರಿಗೆ ಇಳಿಯುವುದನ್ನೇ ಊಹಿಸಿಕೊಳ್ಳುತ್ತಾರೆ.

## ಚಿತ್ರವೂ ಭರವಸೆಯೇ

ಪದಗಳನ್ನು ಎಷ್ಟು ಎಚ್ಚರದಿಂದ ಆರಿಸಿದರೂ ಪಕ್ಕದ ಫೋಟೊ ಬೇರೆ ಮಾತಾಡಿದರೆ ಪ್ರಯೋಜನವಿಲ್ಲ. 3 ಬಾರ್ ಗಡಿಯಾರವನ್ನು ನೀರಿನ ಲೋಟದಲ್ಲಿ ಮುಳುಗಿಸಿ ತೆಗೆದ ಚಿತ್ರ, ಟೇಪು ಇಲ್ಲದ ಬ್ಯಾಗನ್ನು ತೊರೆಯ ನಡುವೆ ಇಟ್ಟ ಚಿತ್ರ, ಪೈಪಿನ ಧಾರೆಯಡಿ ನಿಂತ ಕೋಟಿನ ಚಿತ್ರ, ಇವೆಲ್ಲ ವಿವರಣೆಗಿಂತ ಮೊದಲೇ ಕೊಳ್ಳುವವರ ಕಣ್ಣಿಗೆ ಬೀಳುತ್ತವೆ. ಹೊಲಿಗೆಯ ಒಳಬದಿ, ಜಿಪ್ಪಿನ ತುದಿ, ಗಡಿಯಾರದ ಹಿಂಬದಿಯ ಬರಹ, ಈ ಮೂರರ ಹತ್ತಿರದ ಫೋಟೊ ಹಾಕಿದರೆ ತಿಳಿದವರು ಅದನ್ನೇ ನೋಡಿ ನಿರ್ಧರಿಸುತ್ತಾರೆ.

ತಯಾರಕರು ಹಾಳೆಯಲ್ಲಿ ವಾಟರ್‌ಪ್ರೂಫ್ ಎಂದೇ ಬರೆದಿದ್ದರೆ ಅವರನ್ನು ಕೇಳಬೇಕಾದ ಪ್ರಶ್ನೆಗಳು ಮೂರು. ಯಾವ ಮಾನಕದ ಪರೀಕ್ಷೆ? ಪರೀಕ್ಷೆಗೆ ಹೋದದ್ದು ಬಟ್ಟೆಯ ತುಂಡೋ, ಹೊಲಿದ ವಸ್ತುವೋ? ಹೊಸದಾಗಿದ್ದಾಗಲೋ, ತೊಳೆದ ಮೇಲೋ? ವರದಿಯ ಪ್ರತಿ ಕಳಿಸಿದರೆ ಅದರಲ್ಲಿ ಮಾದರಿಯ ಹೆಸರು ನೋಡಿ, ನೀವು ಮಾರುತ್ತಿರುವ ವಸ್ತುವಿನದೇ ಹೌದೇ ಎಂದು ಹೊಂದಿಸಿಕೊಳ್ಳಿ. ಉತ್ತರ ಬಾರದಿದ್ದರೆ ವಿವರಣೆಯಲ್ಲಿ ‘ವಾಟರ್ ರೆಸಿಸ್ಟೆಂಟ್’ ಎಂದು ಬರೆದು, ನೀವೇ ಪರೀಕ್ಷಿಸಿ ಕಂಡುಕೊಂಡ ಮಿತಿಯನ್ನು ಅದರ ಪಕ್ಕದಲ್ಲೇ ಹಾಕಿ.